ಗ್ರೂಪಿನಲ್ಲಿ ಟಿಪ್ ಬಂದಾಗ ನಾನು ಮೊದಲು ನೋಡುವುದು ಹಳೆಯ ವಾಲ್ಯೂಮ್

ಮೆಸೇಜಿಂಗ್ ಗ್ರೂಪುಗಳಲ್ಲಿ ಬರುವ ಷೇರು ಟಿಪ್‌ಗಳನ್ನು ನಾನು ಬಹಳ ಕಾಲದಿಂದ ಗಮನಿಸುತ್ತಿದ್ದೇನೆ. ಟಿಪ್‌ನಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಅದು ಯಾವಾಗ ಬಂತು ಎನ್ನುವುದೇ ನನಗೆ ಜಾಸ್ತಿ ಹೇಳುತ್ತದೆ. ಹಾಗಾಗಿ ಮೆಸೇಜಿನ ದಿನಾಂಕ ಬರೆದಿಟ್ಟುಕೊಂಡು, ಆ ಷೇರಿನ ಒಂದು ವರ್ಷದ ಚಾರ್ಟ್ ತೆರೆಯುತ್ತೇನೆ. ಬೆಲೆಯ ಗೆರೆಗಿಂತ ಮೊದಲು ಕೆಳಗಿನ ವಾಲ್ಯೂಮ್ ಕಂಬಗಳನ್ನು, ಅಂದರೆ ದಿನಕ್ಕೆ ಎಷ್ಟು ಷೇರು ಕೈ ಬದಲಾಗಿವೆ ಎಂಬುದನ್ನು ನೋಡುತ್ತೇನೆ.

ಒಮ್ಮೆ ಒಂದು ಸಣ್ಣ ಕಂಪನಿಯ ಬಗ್ಗೆ ಮೆಸೇಜ್ ಬಂತು: "ನಾಳೆ ಬೆಳಿಗ್ಗೆ 31ಕ್ಕೆ ತಗೊಳ್ಳಿ, ಟಾರ್ಗೆಟ್ 60, ದೊಡ್ಡ ಆರ್ಡರ್ ಬರಲಿದೆ." ಚಾರ್ಟ್‌ನಲ್ಲಿ ಕಂಡದ್ದೇ ಬೇರೆ. ತಿಂಗಳುಗಟ್ಟಲೆ ಬೆಲೆ 19ರ ಆಸುಪಾಸಿನಲ್ಲಿತ್ತು, ದಿನಕ್ಕೆ ಸುಮಾರು 5,000 ಷೇರು ಓಡಾಡುತ್ತಿದ್ದವು. ಮೆಸೇಜ್ ಬರುವುದಕ್ಕೆ ಮೂರು ವಾರ ಮೊದಲು ವಾಲ್ಯೂಮ್ ಹತ್ತು ಪಟ್ಟು ಏರಿ, ಬೆಲೆ 31ಕ್ಕೆ ಬಂದಿತ್ತು. ಆ ಅವಧಿಯಲ್ಲಿ ಕಂಪನಿ ಸ್ಟಾಕ್ ಎಕ್ಸ್‌ಚೇಂಜ್‌ಗೆ ಒಂದು ಸುದ್ದಿಯನ್ನೂ ಕೊಟ್ಟಿರಲಿಲ್ಲ. ಫಲಿತಾಂಶದಲ್ಲೂ ಮಾರಾಟ ಹೆಚ್ಚಿರಲಿಲ್ಲ. ಅಂದರೆ ಯಾರೋ ಆಗಲೇ ಕಡಿಮೆ ಬೆಲೆಗೆ ತುಂಬಿಸಿಕೊಂಡಿದ್ದರು. ಅವರಿಗೆ ಈಗ ಬೇಕಾಗಿದ್ದು ಕೊಳ್ಳುವವರು.

ಆಮೇಲೆ ಒಂದು ಲೆಕ್ಕ ಹಾಕಿದೆ. ಗ್ರೂಪಿನಲ್ಲಿ 10,000 ಜನ. ಒಬ್ಬೊಬ್ಬರು ಬರೀ 50 ಷೇರು ಕೊಂಡರೂ 5 ಲಕ್ಷ ಷೇರು ಆಯಿತು. ಗದ್ದಲ ಇಳಿದು ವಾಲ್ಯೂಮ್ ಮತ್ತೆ 5,000ಕ್ಕೆ ಬಂದರೆ, ಅಷ್ಟನ್ನೂ ಮಾರಿ ಹೊರಬರಲು 100 ವಹಿವಾಟಿನ ದಿನ ಬೇಕು. ಅದೂ ಬೇರೆ ಯಾರೂ ಮಾರದಿದ್ದರೆ! ಟಾರ್ಗೆಟ್ ಬೆಲೆ ಹೇಳುವವರು ಈ ಬಾಗಿಲು ಎಷ್ಟು ಕಿರಿದು ಎಂದು ಹೇಳುವುದೇ ಇಲ್ಲ.

ಮರುದಿನ ನಾನು ಕೊಳ್ಳಲಿಲ್ಲ, ಸುಮ್ನೆ ನೋಡುತ್ತಾ ಕುಳಿತೆ. 6 ಲಕ್ಷ ಷೇರು ಕೈ ಬದಲಾದವು. ಬೆಲೆ 34 ಮುಟ್ಟಿ 32ಕ್ಕೆ ಮುಗಿಯಿತು. ಅಷ್ಟು ಜನ ಮುಗಿಬಿದ್ದು ಕೊಂಡರೂ ಬೆಲೆ ಅಷ್ಟಾಗಿ ಏರದಿದ್ದರೆ, ಎದುರಿಗೆ ಯಾರೋ ಅಷ್ಟೇ ಜೋರಾಗಿ ಮಾರುತ್ತಿದ್ದಾರೆ ಎಂದರ್ಥ ಅಲ್ವಾ? ನಂತರ ಲೋವರ್ ಸರ್ಕ್ಯೂಟ್ ಶುರುವಾಯಿತು, ಅಂದರೆ ಒಂದು ದಿನದಲ್ಲಿ ಬೆಲೆ ಎಷ್ಟು ಇಳಿಯಬಹುದೋ ಆ ಮಿತಿಗೇ ಬಂದು ನಿಲ್ಲುತ್ತಿತ್ತು. ದಿನದಿಂದ ದಿನಕ್ಕೆ ಬೆಲೆ ಕುಸಿಯುತ್ತಿತ್ತು, ಮಾರುವವರ ಸಾಲು ಉದ್ದವಾಗುತ್ತಿತ್ತು, ಕೊಳ್ಳುವವರೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಸ್ಟಾಪ್‌ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್, ಹಾಕಿದ್ದರೂ ಆರ್ಡರ್ ಹಾಗೇ ಬಾಕಿ ಉಳಿಯುತ್ತದೆ. ಗ್ರೂಪಿನಲ್ಲಿ ಮಾತ್ರ "ಹೆದರಬೇಡಿ, ಇನ್ನೂ ಸ್ವಲ್ಪ ಸೇರಿಸಿ" ಎಂದು ಬರುತ್ತಿತ್ತು. ಪ್ರಶ್ನೆ ಕೇಳಿದವರನ್ನು ತೆಗೆದುಹಾಕುತ್ತಿದ್ದರು. ಉಳಿತಾಯದ ದುಡ್ಡು ಹಾಕಿದವರು ಅಲ್ಲಿದ್ದರು ಎಂಬುದು ನನ್ನನ್ನು ತುಂಬಾ ಕಾಡಿತು.

ವಾಲ್ಯೂಮ್ ಏರಿದ್ದೆಲ್ಲಾ ಮೋಸವಲ್ಲ. ಒಳ್ಳೆಯ ಫಲಿತಾಂಶಕ್ಕೋ ದೊಡ್ಡ ಫಂಡ್ ಕೊಂಡದ್ದಕ್ಕೋ ಏರಬಹುದು. ಆಗ ಕಾರಣ ಎಕ್ಸ್‌ಚೇಂಜ್‌ನ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಗ್ರೂಪಿನಲ್ಲಿ ಬಂದ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದೇ ಪ್ರಕಟಣೆ ಎಕ್ಸ್‌ಚೇಂಜ್‌ನಲ್ಲಿ ಸಿಗದಿದ್ದರೆ ಆ ಷೇರನ್ನು ಅಲ್ಲಿಗೇ ಬಿಡುತ್ತೇನೆ.