ಪ್ರೋಟೀನ್ ಊಟ ಶುರುವಾದ ಮೇಲೆ ಹೊಟ್ಟೆ ಕಟ್ಟಿದೆಯಾ? ಮೊದಲು ಮೊಸರು, ಆಮೇಲೆ ಪಡ್ಡು, ಕೊನೆಗೆ ನಾರು

ಜಿಮ್ ಸೇರಿದ ಮೇಲೆ ಹುಬ್ಬಳ್ಳಿ-ಧಾರವಾಡದ ಹುಡುಗರು ಮೊದಲು ಬಿಡುವುದು ಜೋಳದ ರೊಟ್ಟಿಯನ್ನು. ಅದರ ಜಾಗಕ್ಕೆ ಮೊಟ್ಟೆ, ಪನೀರ್, ಕೋಳಿ, ಪ್ರೋಟೀನ್ ಪುಡಿ ಬರುತ್ತವೆ. ಇವುಗಳಲ್ಲಿ ನಾರು ಇಲ್ಲವೇ ಇಲ್ಲ ಅನ್ನಬಹುದು. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರು ಇರುತ್ತದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತಿಟ್ಟುಕೊಂಡರೆ, ದಿನಕ್ಕೆ ಮೂರು ರೊಟ್ಟಿ ಬಿಟ್ಟಾಗ 15 ಗ್ರಾಂ ಹೋಯಿತು. ದಿನಕ್ಕೆ ಬೇಕಾದದ್ದೇ ಸುಮಾರು 30 ಗ್ರಾಂ. ಹೊಟ್ಟೆ ಕಟ್ಟದೆ ಇನ್ನೇನಾಗುತ್ತದೆ?

ಇದನ್ನು ಸರಿಪಡಿಸಲು ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಒಂದೊಂದನ್ನೇ ಸೇರಿಸಿದರೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಗೊತ್ತಾಗುತ್ತದೆ.

ಮೊದಲ ವಾರ ಮೊಸರು. ಅರ್ಧ ಲೀಟರ್ ಹಾಲು ಕಾಯಿಸಿ, ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿಸಿ. ಒಂದು ಚಮಚ ಹೆಪ್ಪು ಹಾಕಿ ಕದಡಿ. ಬೇಸಿಗೆಯಲ್ಲಿ ಐದಾರು ಗಂಟೆ ಸಾಕು. ಚಳಿಗಾಲದಲ್ಲಿ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಡಿ. ಹಾಲು ತುಂಬಾ ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೊಸರು ಗಟ್ಟಿಯಾಗುವುದಿಲ್ಲ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನ ಒಂದು ಭಾಗವನ್ನು ಈ ಸೂಕ್ಷ್ಮಜೀವಿಗಳೇ ತಿಂದಿರುತ್ತವೆ. ಹಾಗಾಗಿ ಹಾಲು ಒಗ್ಗದ ಬಹಳ ಜನರಿಗೆ ಮೊಸರು ಒಗ್ಗುತ್ತದೆ. ಆದರೆ ಮೊಸರನ್ನು ಕುದಿಸಿ ಮಜ್ಜಿಗೆ ಸಾರು ಮಾಡಿದರೆ ಪ್ರೋಟೀನ್ ಉಳಿಯುತ್ತದೆ, ಜೀವಂತ ಸೂಕ್ಷ್ಮಜೀವಿ ಉಳಿಯುವುದಿಲ್ಲ. ಒಂದು ಬಟ್ಟಲು ತಣ್ಣಗೇ ಇರಲಿ. ಪ್ರೋಟೀನ್ ಜಾಸ್ತಿ ಬೇಕಾದರೆ ಶ್ರೀಖಂಡಕ್ಕೆ ಮಾಡುವ ಹಾಗೆ ಬಟ್ಟೆಯಲ್ಲಿ ಕಟ್ಟಿ ಚಕ್ಕಾ ಮಾಡಿಕೊಳ್ಳಿ. ಸಕ್ಕರೆ ಬೇಡ.

ಇದೇ ವಾರ ಪ್ರೋಟೀನ್ ಪುಡಿಯನ್ನು ಹಾಲಿನ ಬದಲು ನೀರಿನಲ್ಲಿ ಕಲಸಿ ನೋಡಿ. ಕುಡಿದ ಒಂದೆರಡು ಗಂಟೆಯಲ್ಲಿ ಬರುತ್ತಿದ್ದ ಉಬ್ಬರ ಕಡಿಮೆಯಾದರೆ ಕಾರಣ ಲ್ಯಾಕ್ಟೋಸ್ ಇರಬಹುದು.

ಎರಡನೇ ವಾರ ಪಡ್ಡಿನ ಹಿಟ್ಟು. ಬರೀ ಅಕ್ಕಿಯ ಪಡ್ಡಿನಲ್ಲಿ ಪ್ರೋಟೀನ್ ಕಡಿಮೆ. ಸಿಪ್ಪೆ ಇರುವ ಹೆಸರುಬೇಳೆ ಒಂದು ಬಟ್ಟಲು, ಉದ್ದಿನಬೇಳೆ ಅರ್ಧ, ಅಕ್ಕಿ ಅರ್ಧ, ಮೆಂತ್ಯೆ ಕಾಳು ಅರ್ಧ ಚಮಚ ತೆಗೆದುಕೊಳ್ಳಿ. ಐದಾರು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ರುಬ್ಬಿ. ಬೇಳೆಯಲ್ಲಿ ಗ್ಯಾಸ್ ಮಾಡುವ ಸಕ್ಕರೆಗಳು ಸ್ವಲ್ಪ ಆ ನೀರಿನ ಜೊತೆ ಹೋಗುತ್ತವೆ, ಇನ್ನು ಸ್ವಲ್ಪ ಹಿಟ್ಟು ಹುಳಿ ಬರುವಾಗ ಕಡಿಮೆಯಾಗುತ್ತವೆ.

ಮುಚ್ಚಿ ಎಂಟರಿಂದ ಹನ್ನೆರಡು ಗಂಟೆ ಇಡಿ. ಸೌಟು ಹಾಕಿ ಎತ್ತಿದಾಗ ಹಿಟ್ಟು ಹಗುರಾಗಿರಬೇಕು, ಒಳಗೆಲ್ಲ ಸಣ್ಣ ತೂತು ಕಾಣಬೇಕು, ಹಿತವಾದ ಹುಳಿ ವಾಸನೆ ಬರಬೇಕು. ಮೇಲೆ ಗುಲಾಬಿ ಬಣ್ಣ ಅಥವಾ ಬೂಸ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ. ಹಿಟ್ಟು ಉಬ್ಬಲಿಲ್ಲ ಅಂತ ಸೋಡಾ ಹಾಕಿದರೆ ಪಡ್ಡು ಹಗುರಾಗಬಹುದು, ಆದರೆ ರಾತ್ರಿಯಿಡೀ ಆಗಬೇಕಾದ ಕೆಲಸ ಆಗಿರುವುದಿಲ್ಲ. ಇನ್ನೊಂದು ಮಾತು: ಕಾವಲಿಯ ಬಿಸಿಗೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಪಡ್ಡಿನಿಂದ ಸಿಗುವುದು ಸುಲಭವಾಗಿ ಅರಗುವ ಬೇಳೆ. ಮೊಸರಿನ ಕೆಲಸ ಮೊಸರೇ ಮಾಡಬೇಕು.

ಮೂರನೇ ವಾರ ನಾರು, ನಿಧಾನವಾಗಿ. ಮಧ್ಯಾಹ್ನ ಒಂದು ರೊಟ್ಟಿ ವಾಪಸ್ ತನ್ನಿ. ಮೂರ್ನಾಲ್ಕು ದಿನ ಬಿಟ್ಟು ಎರಡನೆಯದು. ಆಮೇಲೆ ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಸವತೆಕಾಯಿ. ಅಗಸಿ ಚಟ್ನಿಪುಡಿ ಒಂದು ಚಮಚ. ಅಗಸಿಯನ್ನು ಹುರಿದು ಪುಡಿ ಮಾಡಲೇಬೇಕು, ಇಡೀ ಕಾಳು ಅರಗದೆ ಹಾಗೇ ಹೊರಗೆ ಹೋಗುತ್ತದೆ. ನಾರು ಹೆಚ್ಚಿದ ಹಾಗೆ ನೀರೂ ಹೆಚ್ಚಬೇಕು. ನೀರು ಕಡಿಮೆಯಾದರೆ ಕಟ್ಟಿದ ಹೊಟ್ಟೆ ಇನ್ನೂ ಕಟ್ಟುತ್ತದೆ.

ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದ ಒಬ್ಬರಿಗೆ ದಿನಕ್ಕೆ 72 ಗ್ರಾಂ ಪ್ರೋಟೀನ್ ಗುರಿ ಅಂತಿಟ್ಟುಕೊಳ್ಳಿ. ಬೆಳಿಗ್ಗೆ 100 ಗ್ರಾಂ ಬೇಳೆ-ಅಕ್ಕಿಯಿಂದಾದ ಪಡ್ಡಿನಲ್ಲಿ ಸುಮಾರು 18 ಗ್ರಾಂ. ಮಧ್ಯಾಹ್ನ ಎರಡು ರೊಟ್ಟಿಯಲ್ಲಿ 10, 50 ಗ್ರಾಂ ಒಣ ಮಡಿಕೆ ಕಾಳಿನಲ್ಲಿ 10ರಿಂದ 12, ದೊಡ್ಡ ಬಟ್ಟಲು ಮೊಸರಿನಲ್ಲಿ 6. ಸಂಜೆ ಒಂದು ಅಳತೆ ಪುಡಿಯಲ್ಲಿ 20ರ ಮೇಲೆ. ರಾತ್ರಿ ಎರಡು ಮೊಟ್ಟೆಯಲ್ಲಿ 12. ರೊಟ್ಟಿ ಉಂಡೂ ಗುರಿ ದಾಟಿತು, ಅಲ್ವಾ?

ನಾರು ಸೇರಿಸಿದ ಮೊದಲ ಕೆಲವು ದಿನ ಸ್ವಲ್ಪ ಗ್ಯಾಸ್ ಸಹಜ. ಜಾಸ್ತಿ ಆದರೆ ಕೊನೆಗೆ ಸೇರಿಸಿದ್ದನ್ನು ಅರ್ಧಕ್ಕೆ ಇಳಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಮಲದಲ್ಲಿ ರಕ್ತ, ತಾನಾಗಿ ಇಳಿಯುವ ತೂಕ, ಬಿಡದ ಹೊಟ್ಟೆನೋವು ಇದ್ದರೆ ಊಟ ಬದಲಿಸುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲೇ ವೈದ್ಯರನ್ನು ಕೇಳಬೇಕು.