ಪ್ಯಾಕ್ ಮಾಡುವಾಗ ಸ್ಕ್ಯಾನ್: ತಪ್ಪು ಸಾಮಾನು ಡಬ್ಬಿಗೆ ಹೋಗದ ಹಾಗೆ

ಸ್ಕ್ಯಾನರ್ ನೋಡುವುದು ಸಾಮಾನನ್ನಲ್ಲ, ಅದರ ಮೇಲಿನ ಬಾರ್‌ಕೋಡನ್ನು ಮಾತ್ರ. ಪ್ಯಾಕಿಂಗ್‌ನಲ್ಲಿ ಸ್ಕ್ಯಾನ್ ಇದ್ದೂ ತಪ್ಪುಗಳು ದಾಟಿಹೋಗುವುದು ಬಹಳ ಸಲ ಇದೇ ಕಾರಣಕ್ಕೆ.

ಶುರು ಮಾಡುವ ಮುಂಚೆ ಐಟಂ ಪಟ್ಟಿ ನೋಡಿಕೊಳ್ಳಿ. ಬಾರ್‌ಕೋಡ್ ನಂಬರನ್ನು ಎಕ್ಸೆಲ್‌ನಲ್ಲಿ ಹಾಗೇ ತುಂಬಿದರೆ ನಂಬರಿನ ಶುರುವಿನಲ್ಲಿರುವ ಸೊನ್ನೆ ಹಾರಿಹೋಗುತ್ತದೆ. ಆಗ ಸರಿಯಾದ ಸಾಮಾನಿಗೂ ತಪ್ಪು ಎಂದು ಸ್ಕ್ರೀನ್ ಕೆಂಪಾಗುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ.

ಈಗ ಒಂದು ಆರ್ಡರ್ ತೆಗೆದುಕೊಳ್ಳೋಣ. ನೀಲಿ ಟೀ ಶರ್ಟ್ ಮೀಡಿಯಂ 2, ಅದೇ ಶರ್ಟ್ ಲಾರ್ಜ್ 1, ಮೂರು ಜೊತೆ ಸಾಕ್ಸ್ ಇರುವ ಪ್ಯಾಕ್ 1. ಮೊದಲು ಆರ್ಡರ್ ಚೀಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ. ಸ್ಕ್ರೀನ್ ಮೇಲೆ ಪಟ್ಟಿ ಬರುತ್ತದೆ. ಆಮೇಲೆ ಒಂದೊಂದೇ ಶರ್ಟ್ ಕೈಗೆತ್ತಿಕೊಂಡು, ಸ್ಕ್ಯಾನ್ ಮಾಡಿ, ಅದೇ ಕೈಯಲ್ಲಿ ಡಬ್ಬಿಗೆ ಹಾಕಿ. ನಡುವೆ ಮೇಜಿನ ಮೇಲೆ ಇಡಬೇಡಿ.

ಗೋಡೌನಿನಿಂದ ತಂದವರು ಮೀಡಿಯಂ 1, ಲಾರ್ಜ್ 2 ತಂದಿದ್ದಾರೆ ಅಂದುಕೊಳ್ಳಿ. ಮೀಡಿಯಂ ಸ್ಕ್ಯಾನ್ ಆಯಿತು, 1/2. ಲಾರ್ಜ್ ಆಯಿತು, 1/1. ಮೂರನೆಯದಕ್ಕೆ ಸ್ಕ್ರೀನ್ ಕೆಂಪಾಯಿತು. ತಪ್ಪು ಸಿಕ್ಕಿತು, ಅಲ್ವಾ?

ಆದರೆ ಅವಸರದಲ್ಲಿ ಇರುವವರು ಮೂರನ್ನೂ ಬೇರೆ ಬೇರೆ ಸ್ಕ್ಯಾನ್ ಮಾಡುವುದಿಲ್ಲ. ಒಂದೇ ಮೀಡಿಯಂ ಶರ್ಟ್ ಹಿಡಿದು ಎರಡು ಸಲ ಬೀಪ್ ಮಾಡಿಸಿ, ಎರಡು ಲಾರ್ಜ್‌ನಲ್ಲಿ ಒಂದನ್ನು ಮಾತ್ರ ಸ್ಕ್ಯಾನ್ ಮಾಡಿ, ಉಳಿದದ್ದನ್ನು ಸುಮ್ನೆ ಡಬ್ಬಿಗೆ ಹಾಕುತ್ತಾರೆ. ಸ್ಕ್ರೀನ್ ಪೂರ್ತಿ ಹಸಿರು. ಸಾಮಾನು ತಂದ ಟ್ರೇಯೂ ಖಾಲಿ. ತೂಕ ನೋಡಿದರೂ ಎರಡು ಸೈಜಿಗೆ ಅಂಥ ವ್ಯತ್ಯಾಸ ಇರುವುದಿಲ್ಲ. ತೂಕ ಹಿಡಿಯುವುದು ಹೆಚ್ಚಾಗಿ ಸಾಮಾನು ಕಡಿಮೆ ಅಥವಾ ಜಾಸ್ತಿ ಆದಾಗ. ಹಾಗಾಗಿ ಒಂದು ಸಾಮಾನಿಗೆ ಒಂದು ಸ್ಕ್ಯಾನ್ ಎಂಬ ನಿಯಮವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಸ್ಕ್ಯಾನ್ ಬದಲು ಎಷ್ಟು ಸಾಮಾನು ಎಂದು ಸಂಖ್ಯೆ ಟೈಪ್ ಮಾಡುವ ಅವಕಾಶವನ್ನು ಸಾಫ್ಟ್‌ವೇರ್‌ನಲ್ಲೇ ಮುಚ್ಚಿಡಿ. ಒಂದೇ ಸಣ್ಣ ಸಾಮಾನು ನೂರಾರು ಇದ್ದರೆ ಮಾತ್ರ ಎಣಿಸಿ ಟೈಪ್ ಮಾಡಲು ಬಿಡಬಹುದು.

ಸಾಕ್ಸ್ ಪ್ಯಾಕ್‌ನ ಕಷ್ಟ ಬೇರೆ. ಹೊರಗಿನ ಕವರ್‌ಗೆ ಒಂದು ಬಾರ್‌ಕೋಡ್, ಒಳಗಿನ ಒಂದೊಂದು ಜೊತೆಗೂ ಇನ್ನೊಂದು. ಪಾರದರ್ಶಕ ಪ್ಲಾಸ್ಟಿಕ್ ಆದರೆ ಸ್ಕ್ಯಾನರ್ ಒಳಗಿನದನ್ನೇ ಓದಿಬಿಡಬಹುದು. ಎರಡೂ ಕೋಡ್ ಒಂದೇ ಐಟಂಗೆ ಸೇರಿಸಿದ್ದರೆ ಬಿಡಿ ಜೊತೆ ಹೋದರೂ ಹಸಿರೇ ಬರುತ್ತದೆ. ಪ್ಯಾಕ್ ಮತ್ತು ಬಿಡಿ ಜೊತೆಯನ್ನು ಎರಡು ಬೇರೆ ಐಟಂ ಮಾಡಿ, ಒಳಗಿನ ಕೋಡ್ ಕಾಣದಂತೆ ಸ್ಟಿಕ್ಕರ್ ಹಚ್ಚಿ.

ಎಲ್ಲ ಸಾಲು ಹಸಿರಾದ ಮೇಲೆಯೇ ವಿಳಾಸದ ಲೇಬಲ್ ಪ್ರಿಂಟ್ ಆಗಬೇಕು. ಮೊದಲೇ ಹತ್ತು ಲೇಬಲ್ ತೆಗೆದಿಟ್ಟುಕೊಂಡರೆ ಸರಿಯಾದ ಸಾಮಾನು ಬೇರೆಯವರ ಮನೆಗೆ ಹೋಗುತ್ತದೆ.

ಪ್ಲಾಸ್ಟಿಕ್ ಸುಕ್ಕಾಗಿ ಕೋಡ್ ಓದದಿದ್ದರೆ ಅದನ್ನು ಎಳೆದು ಚಪ್ಪಟೆ ಮಾಡಿ ನೋಡಿ. ಆಗಲೂ ಆಗದಿದ್ದರೆ ಗೆರೆಗಳ ಕೆಳಗಿರುವ ನಂಬರನ್ನು ಸಾಮಾನಿನ ಮೇಲಿಂದಲೇ ನೋಡಿ ಟೈಪ್ ಮಾಡಿ. ಚೀಟಿ ನೋಡಿ ಟೈಪ್ ಮಾಡಿದರೆ ಚೀಟಿಯನ್ನು ಚೀಟಿಗೇ ಹೋಲಿಸಿದಂತಾಗುತ್ತದೆ. ಕೈಯಲ್ಲಿರುವುದು ಏನೆಂದು ಯಾರೂ ನೋಡಿರುವುದಿಲ್ಲ.