ನಾನು ಗೋಧಿ ಬೂಸಾ ತಿಂದ ಕಥೆ

ರಿಟೈರ್ ಆದ ಎರಡನೇ ವರ್ಷ ನನಗೆ ಮಲಬದ್ಧತೆ ಅಂಟಿಕೊಂಡಿತು. ಮೂರು ದಿನಕ್ಕೊಮ್ಮೆ ಮೋಷನ್, ಅದೂ ಮೇಕೆ ಹಿಕ್ಕೆಯ ಹಾಗೆ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ನಾರು ಜಾಸ್ತಿ ತಿನ್ನಿ. ನನಗೆ ಸ್ವಲ್ಪ ಸಿಟ್ಟೇ ಬಂತು. ತುಮಕೂರಿನವನು ನಾನು, ಎರಡು ಹೊತ್ತು ರಾಗಿ ಮುದ್ದೆ ಉಣ್ಣುವವನು. ನನಗೇ ನಾರು ಸಾಲದು ಅಂದರೆ ಹೇಗೆ?

ಆದರೂ ಹಿಟ್ಟಿನ ಮಿಲ್‌ಗೆ ಹೋಗಿ ಅರ್ಧ ಕೆಜಿ ಗೋಧಿ ಬೂಸಾ ತಂದೆ. "ಹಸು ಕಟ್ಟಿದ್ದೀರಾ ಮೇಷ್ಟ್ರೇ?" ಅಂತ ಮಿಲ್‌ನವನು ಕೇಳಿದ. ನಾನು ಹೂಂ ಅಂದೆ. ಮೊದಲ ದಿನ ಮಜ್ಜಿಗೆಗೆ ಎರಡು ಚಮಚ ಹಾಕಿ ಕುಡಿದರೆ ಗಂಟಲೆಲ್ಲ ತರಚಿದ ಹಾಗಾಯಿತು. ಅದಕ್ಕೆ ಬೂಸಾವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿಟ್ಟುಕೊಂಡೆ. ಹತ್ತು ದಿನ ಬಿಡದೆ ತಿಂದೆ. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಮೂರು ದಿನಕ್ಕೊಮ್ಮೆ ಆಗುತ್ತಿದ್ದದ್ದು ನಾಲ್ಕು ದಿನಕ್ಕೆ ಹೋಯಿತು.

ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು ನಾರಿನ ವಿಷಯವಲ್ಲ. ಮಲದಲ್ಲಿ ರಕ್ತ ಬರುತ್ತದಾ, ತೂಕ ಇಳಿದಿದೆಯಾ, ಕಬ್ಬಿಣದ ಮಾತ್ರೆ ನುಂಗುತ್ತೀರಾ ಎಂದರು. ಥೈರಾಯ್ಡ್ ಮತ್ತು ಶುಗರ್ ನೋಡಿಸಿದರು. ಐವತ್ತು ದಾಟಿದವರಿಗೆ ಈ ತೊಂದರೆ ಹೊಸದಾಗಿ ಶುರುವಾದರೆ ಅದನ್ನೆಲ್ಲ ನೋಡದೆ ನಾರು ತಿನ್ನುತ್ತಾ ಕೂರಬಾರದಂತೆ. ಎಲ್ಲ ಸರಿ ಇತ್ತು. ಆಮೇಲೆ ಬೂಸಾ ಕಥೆ ಹೇಳಿದೆ. "ಪುಡಿ ಮಾಡಿದಿರಾ?" ಅಂತ ಜೋರಾಗಿ ನಕ್ಕುಬಿಟ್ಟರು.

ಅವರು ಹೇಳಿದ್ದು ಇಷ್ಟು. ಬೂಸಾದಲ್ಲಿರುವುದು ಬಹುಪಾಲು ಕರಗದ ನಾರು. ಅದು ನೀರಿನಲ್ಲಿ ಕರಗುವುದಿಲ್ಲ, ಲೋಳೆಯಾಗುವುದಿಲ್ಲ. ತುಂಬಾ ಮಟ್ಟಿಗೆ ತಿಂದ ಹಾಗೆಯೇ ದೊಡ್ಡ ಕರುಳಿನವರೆಗೂ ಹೋಗುತ್ತದೆ. ಅಲ್ಲಿ ಅದರ ಒರಟು ಚೂರುಗಳು ಕರುಳಿನ ಗೋಡೆಗೆ ತಾಗುತ್ತವೆ. ಕೆಣಕಿದ ಗೋಡೆ ನೀರನ್ನೂ ಲೋಳೆಯನ್ನೂ ಬಿಡುತ್ತದೆ, ಒಳಗಿದ್ದದ್ದು ಬೇಗ ಮುಂದಕ್ಕೆ ಸಾಗುತ್ತದೆ. ಅಂದರೆ ಬೂಸಾ ಕೆಲಸ ಮಾಡುವುದೇ ಅದರ ಒರಟುತನದಿಂದ. ನಾನು ಗಂಟಲಿಗೆ ಹಿತ ಅಂತ ಅದನ್ನೇ ಮಿಕ್ಸಿಯಲ್ಲಿ ತೆಗೆದುಬಿಟ್ಟಿದ್ದೆ. ನುಣ್ಣಗಿನ ಪುಡಿ ಗೋಡೆಯನ್ನು ಕೆಣಕುವುದಿಲ್ಲ. ಮಲಕ್ಕೆ ಇನ್ನಷ್ಟು ಒಣ ಸರಕು ಸೇರಿಸುತ್ತದೆ, ಅಷ್ಟೇ. ಸಾಲದ್ದಕ್ಕೆ ನಾನು ಕುಡಿಯುತ್ತಿದ್ದ ನೀರೂ ಕಡಿಮೆ.

ಮುದ್ದೆಯ ಲೆಕ್ಕವೂ ಆಗ ತಿಳಿಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಆದರೆ ಅದರಲ್ಲಿ ಕರಗುವ ಜಾತಿಯದು 2 ಗ್ರಾಂ ಕೂಡ ಇಲ್ಲ. ನನ್ನ ತಟ್ಟೆಯಲ್ಲಿ ಒಂದೇ ಕಡೆಯ ನಾರು ತುಂಬಿತ್ತು.

ಮನೆಗೆ ಬಂದು ಎರಡು ಲೋಟ ನೀರು ಇಟ್ಟೆ. ಒಂದಕ್ಕೆ ಒಂದು ಚಮಚ ಬೂಸಾ, ಇನ್ನೊಂದಕ್ಕೆ ಒಂದು ಚಮಚ ಇಸಬ್ಗೋಲ್. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಬೂಸಾ ತಳಕ್ಕೆ ಕೂತಿತ್ತು, ಮೇಲೆ ನೀರು ನೀರಾಗಿಯೇ ಇತ್ತು. ಇಸಬ್ಗೋಲ್ ಲೋಟ ಓರೆ ಮಾಡಿದರೆ ಗಂಜಿಯಂತೆ ದಪ್ಪಗೆ ಜಾರಿತು. ನೀರೆಲ್ಲ ಆ ಹೊಟ್ಟಿನೊಳಗೇ ಸೇರಿತ್ತು. ಇದು ಕರಗುವ ನಾರು. ಹೆಸರಿಗೆ ಕರಗುವುದು, ನಿಜಕ್ಕೆ ಮಾಡುವುದು ನೀರು ಹಿಡಿದು ಉಬ್ಬುವುದು.

ದೊಡ್ಡ ಕರುಳಿನ ಕೆಲಸವೇ ನೀರು ಹೀರಿಕೊಳ್ಳುವುದು. ಮಲ ನಿಂತಷ್ಟೂ ಒಣಗುತ್ತದೆ. ಇಸಬ್ಗೋಲ್ ಲೋಳೆ ತಾನು ಹಿಡಿದ ನೀರನ್ನು ಅಲ್ಲೂ ಬಿಟ್ಟುಕೊಡುವುದಿಲ್ಲ, ಹಾಗಾಗಿ ಮಲ ಮೆತ್ತಗೆ ಉಳಿಯುತ್ತದೆ. ತಮಾಷೆ ಅಂದರೆ, ಒಂದು ಮದುವೆ ಊಟದ ಮರುದಿನ ಹೊಟ್ಟೆ ಸಡಿಲವಾದಾಗಲೂ ಇದೇ ಸಹಾಯಕ್ಕೆ ಬಂತು. ಆಗ ಅದು ಹೆಚ್ಚಾದ ನೀರನ್ನು ಹಿಡಿದು ಗಟ್ಟಿ ಮಾಡಿತು.

ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ, ತುಂಬಿದ ಲೋಟ ನೀರಿಗೆ ಹಾಕಿ ಕಲಸಿದ ಕೂಡಲೇ ಕುಡಿಯುತ್ತಿದ್ದೆ. ಮೇಲೆ ಇನ್ನೊಂದು ಲೋಟ ನೀರು. ಮೊದಲ ದಿನ ಕಲಸಿಟ್ಟು ಫೋನ್ ಎತ್ತಿದೆ. ಬರುವಷ್ಟರಲ್ಲಿ ಚಮಚ ನೆಟ್ಟಗೆ ನಿಲ್ಲುವ ಹಾಗಾಗಿತ್ತು. ಅದು ನಗುವ ಮಾತು, ಆದರೆ ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಗುಟುಕು ನೀರು ಕುಡಿಯುವುದು ನಗುವ ಮಾತಲ್ಲ. ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇಡಿ ಎಂದು ಡಾಕ್ಟರ್ ಹೇಳಿದ್ದರು, ಲೋಳೆ ಮಾತ್ರೆಯನ್ನೂ ಸುತ್ತಿಕೊಳ್ಳಬಹುದಂತೆ. ನಾಲ್ಕನೇ ದಿನ ಸರಿಯಾಗಿ ಮೋಷನ್ ಆಯಿತು. ವಾರದ ಮೇಲೆ ಬೆಳಿಗ್ಗೆಯೂ ಒಂದು ಚಮಚ ಸೇರಿಸಿದೆ.

ಆಮೇಲೆ ಆಸೆ ಹೆಚ್ಚಾಯಿತು. ಕರಗುವ ನಾರೆಲ್ಲ ಒಂದೇ ಅಂದುಕೊಂಡು ಹುರುಳಿ ಕಾಳು, ಅಲಸಂದೆ, ಈರುಳ್ಳಿ ಎಲ್ಲವನ್ನೂ ಒಂದೇ ವಾರದಲ್ಲಿ ಏರಿಸಿದೆ. ಸಂಜೆಯಾದರೆ ಹೊಟ್ಟೆ ತಮಟೆ. ಇಸಬ್ಗೋಲ್‌ನಿಂದ ಬಾರದ ಗ್ಯಾಸ್ ಇದರಿಂದ ಯಾಕೆ ಬಂತು? ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಇಸಬ್ಗೋಲ್ ಅಷ್ಟಾಗಿ ರುಚಿಸುವುದಿಲ್ಲ. ಕಾಳು, ಈರುಳ್ಳಿ, ಬೆಳ್ಳುಳ್ಳಿಯ ಕರಗುವ ನಾರನ್ನು ಅವು ಬೇಗ ಹುದುಗಿಸಿಬಿಡುತ್ತವೆ, ದೋಸೆ ಹಿಟ್ಟಿನ ಹಾಗೆ. ಅದರಿಂದ ಗ್ಯಾಸ್ ಬರುತ್ತದೆ, ಜೊತೆಗೆ ಕರುಳಿನ ಒಳಪದರಕ್ಕೆ ಬೇಕಾದ ಆಹಾರವೂ ತಯಾರಾಗುತ್ತದೆ. ಹಾಗಾಗಿ ಬಿಡುವ ಹಾಗಿಲ್ಲ, ನಿಧಾನ ಮಾಡಬೇಕು. ಕಾಳನ್ನು ರಾತ್ರಿಯೆಲ್ಲ ನೆನೆಸಿ, ನೀರು ಚೆಲ್ಲಿ ಬೇಯಿಸಿ, ದಿನಕ್ಕೆ ಅರ್ಧ ಬಟ್ಟಲಿನಿಂದ ಶುರು ಮಾಡಿದೆ. ಮೂರು ವಾರದಲ್ಲಿ ಹೊಟ್ಟೆ ಒಗ್ಗಿಕೊಂಡಿತು.

ನಮ್ಮ ಮನೆಯವರಿಗೆ ಶುಗರ್ ಇದೆ. ಅವರ ಮೆಂತ್ಯದ ಕಾಳೂ ಇದೇ ಲೋಳೆ ಜಾತಿ. ಓಟ್ಸ್, ಬಾರ್ಲಿ, ಬೆಂಡೆಕಾಯಿಯೂ ಅಷ್ಟೇ. ಈ ಲೋಳೆ ಊಟವನ್ನು ದಪ್ಪ ಮಾಡುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಪಿತ್ತರಸವನ್ನೂ ಹಿಡಿದು ಹೊರಗೆ ಒಯ್ಯುತ್ತದೆ, ಹೊಸ ಪಿತ್ತ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಬೂಸಾ ಎಷ್ಟು ತಿಂದರೂ ಇವೆರಡೂ ಆಗುವುದಿಲ್ಲ. "ನಾನು ಮೆಂತ್ಯ ನೆನೆಸುವಾಗ ಮೂಗು ಮುರೀತಿದ್ರಲ್ಲ ರೀ" ಅಂತ ಈಗಲೂ ಚುಚ್ಚುತ್ತಾರೆ.

ಒಂದೇ ಬಗೆಯ ನಾರಿರುವ ಪದಾರ್ಥ ಸಿಗುವುದು ಕಷ್ಟ. ಸೀಬೆಹಣ್ಣಿನ ತಿರುಳಿನಲ್ಲಿ ಕರಗುವುದಿದೆ, ಸಿಪ್ಪೆ ಮತ್ತು ಬೀಜದಲ್ಲಿ ಕರಗದ್ದು. ಕಾಳಿನ ಹೊಟ್ಟು ಕರಗದ್ದು, ಒಳಗೆ ಎರಡೂ. ಕಿತ್ತಳೆ ತೊಳೆಯ ಸುತ್ತಲಿನ ಬಿಳಿ ನಾರನ್ನು ಬಿಡಿಸಿ ಎಸೆಯುತ್ತಿದ್ದೆ, ಈಗ ಹಾಗೇ ತಿನ್ನುತ್ತೇನೆ. ಮುದ್ದೆ ಬಿಟ್ಟಿಲ್ಲ, ಅದರ ಜೊತೆಗೆ ಬೆಂಡೆಕಾಯಿ ಗೊಜ್ಜೋ ಬೇಯಿಸಿದ ಕಾಳೋ ಇರಬೇಕು.

ಆರಾಮಾದೆನಾ ಅಂತ ನೋಡಲು ನನ್ನದೇ ಒಂದು ಅಳತೆ ಇದೆ. ಮುಸುಕಿನ ಜೋಳದ ಸಿಪ್ಪೆ ಕರಗದ ನಾರು, ಹೇಗೆ ಹೋಯಿತೋ ಹಾಗೇ ಬರುತ್ತದೆ. ತೊಂದರೆಯಿದ್ದಾಗ ಭಾನುವಾರ ಸಂಜೆ ತಿಂದ ಜೋಳ ಕಂಡದ್ದು ಗುರುವಾರ. ಇಸಬ್ಗೋಲ್ ಶುರು ಮಾಡಿ ಆರು ವಾರಕ್ಕೆ ಮತ್ತೆ ಭಾನುವಾರ ತಿಂದೆ, ಮಂಗಳವಾರ ಬೆಳಿಗ್ಗೆ ಬಂತು. ಮಿಕ್ಕ ಬೂಸಾವನ್ನು ಪಕ್ಕದ ಮನೆಯ ಹಸುವಿಗೆ ಹಾಕಿದೆ.